ಮೂರನೇ ವಾರಕ್ಕೆ ಜೊತೆಗಾರ ಎಲ್ಲಿಗೆ ಹೋಗುತ್ತಾನೆ?

"ಹೊಸದಾಗಿ ಸೇರೋರಿಗೆ ಟೀಮಿನ ಒಬ್ಬರನ್ನ ಜೊತೆ ಮಾಡೋ ಬಡ್ಡಿ ಸಿಸ್ಟಂ ನಮ್ಮಲ್ಲೂ ಶುರು ಮಾಡಿದ್ವಿ. ಮೊದಲ ವಾರ ಎಲ್ಲರಿಗೂ ಉತ್ಸಾಹ. ತಿಂಗಳು ತುಂಬೋದ್ರೊಳಗೆ ಯಾರಿಗೂ ನೆನಪೇ ಇರಲ್ಲ. ನಿಮ್ಮ ಟೀಮಲ್ಲಿ ಅದು ಹೇಗೆ ಉಳ್ಕೊಂಡಿದೆ?"

ಜೊತೆಗಾರನಿಗೆ ಎಷ್ಟು ಸಮಯ ಬೇಕೋ ಅಷ್ಟನ್ನು ಅವನ ಬೇರೆ ಕೆಲಸದಿಂದ ಕಳೆದೆವು. ಅದಕ್ಕೇ ಉಳಿದಿದೆ. (ಕನ್ನಡದಲ್ಲಿ 'ಬಡ್ಡಿ' ಅಂತ ಬರೆದರೆ ಸಾಲದ ಬಡ್ಡಿ ಕಣ್ಣ ಮುಂದೆ ಬರುತ್ತದೆ. ಅದಕ್ಕೆ ಇಲ್ಲಿ ಜೊತೆಗಾರ ಅಂತಲೇ ಬರೆಯುತ್ತೇನೆ.)

ಇದು ನಮಗೆ ಅರ್ಥವಾಗಿದ್ದು ಒಂದು ಕೆಟ್ಟ ಅನುಭವದಿಂದ. ನಾನು ಹಿಂದೆ ಇದ್ದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹಾಸನದ ಕಡೆಯ ಒಬ್ಬ ಹುಡುಗಿ ಸೇರಿದಳು. ಕಾಲೇಜು ಮುಗಿಸಿ ನೇರವಾಗಿ ಬಂದವಳು. ಟೀಮಿನ ತುಂಬಾ ಹಿರಿಯ ಇಂಜಿನಿಯರನ್ನೇ ಅವಳಿಗೆ ಜೊತೆಗಾರ ಅಂತ ಹಾಕಿದ್ದೆವು. ಹೊಸಬರಿಗೆ ಒಳ್ಳೆಯವರೇ ಸಿಗಲಿ ಅನ್ನುವ ಆಸೆ. ಆತ ಮೊದಲ ದಿನ ಊಟಕ್ಕೆ ಕರೆದುಕೊಂಡು ಹೋದರು. ಎಲ್ಲರ ಪರಿಚಯ ಮಾಡಿಸಿದರು. "ಏನೇ ಇದ್ರೂ ಕೇಳಮ್ಮ, ಸಂಕೋಚ ಬೇಡ" ಅಂದರು. ಮನಸ್ಸಿನಿಂದಲೇ ಹೇಳಿದ್ದು ಅದು.

ಎರಡನೇ ವಾರ ರಿಲೀಸ್ ಬಂತು. ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟನ್ನು ಓಡಿಸಲು ನೋಡುತ್ತಿದ್ದಳು. ಪ್ರತಿ ಸಲವೂ ಇದೇ ಸಾಲು ಬರುತ್ತಿತ್ತು:

```
class file version 61.0 ... only recognizes
class file versions up to 55.0
```

ಗೊತ್ತಿರುವವರಿಗೆ ಇದು ಐದು ನಿಮಿಷದ ಕೆಲಸ. 61 ಅಂದರೆ ಜಾವಾ 17, 55 ಅಂದರೆ ಜಾವಾ 11. ನಮ್ಮ ಸೆಟಪ್ ಪುಟದಲ್ಲಿ ಜಾವಾ 11 ಹಾಕಿಕೊಳ್ಳಿ ಅಂತಲೇ ಇತ್ತು. ಪ್ರಾಜೆಕ್ಟು ಕೆಲವು ತಿಂಗಳ ಹಿಂದೆಯೇ 17ಕ್ಕೆ ಹೋಗಿತ್ತು, ಪುಟವನ್ನು ಯಾರೂ ತಿದ್ದಿರಲಿಲ್ಲ. ಅವಳು ಪುಟದಲ್ಲಿದ್ದ ಹಾಗೇ ಮಾಡಿದ್ದಳು. ಹಾಗಾಗಿ ತಪ್ಪು ತನ್ನದೇ ಇರಬೇಕು ಅಂದುಕೊಂಡು ಎರಡು ದಿನ ಎಲ್ಲವನ್ನೂ ಅಳಿಸಿ ಮತ್ತೆ ಮತ್ತೆ ಹಾಕಿದಳು.

ಕೇಳಲಿಲ್ಲವಾ ಅಂದರೆ, ಕೇಳಿದ್ದಳು. ಆಮೇಲೆ ಅವಳ ಚಾಟ್ ತೋರಿಸಿದಳು. ಬೆಳಿಗ್ಗೆ ಹನ್ನೊಂದಕ್ಕೆ "ಹಾಯ್ ಸರ್, ಫ್ರೀ ಇದ್ದೀರಾ?" ಮಧ್ಯಾಹ್ನ ಎರಡಕ್ಕೆ ಉತ್ತರ: "ಹಾಯ್, ಹೇಳಿ." ಅಷ್ಟರಲ್ಲಿ ಅವಳು ಊಟಕ್ಕೆ ಹೋಗಿದ್ದಳು. ವಾಪಸ್ ಬಂದು ಬರೆಯುವ ಹೊತ್ತಿಗೆ ಆತ ಮೀಟಿಂಗಿನಲ್ಲಿ. ಮಾರನೇ ದಿನವೂ ಹೀಗೇ. ಮೂರನೇ ದಿನ ಅವಳು ಕೇಳುವುದನ್ನೇ ಬಿಟ್ಟಳು. ನಾನು ಹೋಗಿ "ಹೇಗೆ ನಡೀತಿದೆ?" ಅಂದಾಗ "ಚೆನ್ನಾಗಿದೆ ಸರ್" ಅಂದಳು. ನಾನೂ ನಂಬಿದೆ.

ಇದರಲ್ಲಿ ಆ ಹಿರಿಯರ ತಪ್ಪು ಏನೂ ಇರಲಿಲ್ಲ. ಅವರಿಗೆ ಆ ವಾರ ಪೂರ್ತಿ ರಿಲೀಸ್ ಕೆಲಸ ಕೊಟ್ಟಿದ್ದವರು ನಾವು. ಅದರ ಮೇಲೆ ಈ ಜವಾಬ್ದಾರಿಯನ್ನೂ ಸುಮ್ನೆ ಇಟ್ಟಿದ್ದೆವು. ಒಂದಕ್ಕೆ ತಾರೀಕಿತ್ತು, ಕೇಳುವವರಿದ್ದರು. ಇನ್ನೊಂದಕ್ಕೆ ಎರಡೂ ಇರಲಿಲ್ಲ. ಯಾವುದು ಹಿಂದೆ ಬೀಳುತ್ತದೆ ಅಂತ ಮೊದಲೇ ಹೇಳಬಹುದಿತ್ತು, ಅಲ್ವಾ?

ಈಗಿನ ಟೀಮಿನಲ್ಲಿ ನಾವು ಹದಿನಾಲ್ಕು ಜನ. ಎರಡೆರಡು ವಾರದ ಸ್ಪ್ರಿಂಟ್. ಹತ್ತು ದಿನದಲ್ಲಿ ಒಬ್ಬರು ಸುಮಾರು 8 ದಿನದ ಕೆಲಸ ಹಿಡಿಯುತ್ತಾರೆ, ಮಿಕ್ಕಿದ್ದು ಮೀಟಿಂಗು, ಅದು ಇದು. ಹೊಸಬರ ಜೊತೆಗಾರನಾದವನು ಮೊದಲ ಸ್ಪ್ರಿಂಟಿನಲ್ಲಿ 5 ದಿನದ ಕೆಲಸ ಮಾತ್ರ ಹಿಡಿಯುತ್ತಾನೆ. ಎರಡನೆಯದರಲ್ಲಿ 6, ಮೂರು ನಾಲ್ಕರಲ್ಲಿ 7. ಎಂಟು ವಾರಕ್ಕೆ ಒಟ್ಟು ಏಳು ದಿನ. ಈ ದಿನಗಳು ಮ್ಯಾನೇಜರ್ ತಲೆಯಲ್ಲಿ ಇದ್ದರೆ ಸಾಲದು. ಬೋರ್ಡಿನಲ್ಲಿ ಉಳಿದ ಟಿಕೆಟ್‌ಗಳ ಜೊತೆಯಲ್ಲೇ 'ಹೊಸಬರ ಜೊತೆ, 3 ದಿನ' ಅಂತ ಒಂದು ಟಿಕೆಟ್ ಇರುತ್ತದೆ. ಬೆಳಗಿನ ಸ್ಟ್ಯಾಂಡಪ್‌ನಲ್ಲಿ ಅದರ ಬಗ್ಗೆಯೂ ಒಂದು ಮಾತು ಬರುತ್ತದೆ. ಯಾರಾದರೂ ಜೊತೆಗಾರನಿಗೆ ಮಧ್ಯದಲ್ಲಿ ಅರ್ಜೆಂಟ್ ಕೆಲಸ ತಂದರೆ, ಅವನು ಬೋರ್ಡ್ ತೋರಿಸಿ "ಇದನ್ನು ಯಾರಿಗೆ ಕೊಡಲಿ?" ಅಂತ ಕೇಳಬಹುದು. ಮೊದಲು ಅವನ ಹತ್ತಿರ ಹಾಗೆ ಕೇಳಲು ಏನೂ ಇರಲಿಲ್ಲ.

ಏಳು ದಿನ ಜಾಸ್ತಿಯಾಯಿತು ಅಂತ ಮೇಲಿನವರು ಹೇಳುತ್ತಾರೆ. ನಾನು ಆಗ ಜಾವಾದ ಕಥೆಯನ್ನೇ ಹೇಳುತ್ತೇನೆ. ಅದೊಂದರಲ್ಲೇ ಎರಡು ದಿನ ಹೋಯಿತು. ಮೊದಲ ಎರಡು ತಿಂಗಳಲ್ಲಿ ಅಂಥ ಗುಂಡಿಗಳು ಎಷ್ಟು ಸಿಗುತ್ತವೆ ಅಂತ ಹೊಸದಾಗಿ ಸೇರಿದ ಯಾರನ್ನು ಬೇಕಾದರೂ ಕೇಳಿ.

ಸಮಯ ಕೊಟ್ಟ ಮೇಲೂ ಒಂದು ತೊಂದರೆ ಉಳಿಯುತ್ತದೆ. ಹೊಸಬರು ಕೇಳುವುದಿಲ್ಲ. "ಡೌಟ್ ಇದ್ರೆ ಕೇಳಿ" ಅಂದರೆ "ಡೌಟ್ ಇಲ್ಲ" ಅನ್ನುತ್ತಾರೆ. ಏನು ಕೇಳಬೇಕು ಅಂತ ಗೊತ್ತಾಗುವುದಕ್ಕೇ ಸ್ವಲ್ಪ ಗೊತ್ತಿರಬೇಕಾಗುತ್ತದೆ. ಅದಕ್ಕೆ ನಮ್ಮಲ್ಲಿ ಜೊತೆಗಾರನೇ ಅವರ ಜಾಗಕ್ಕೆ ಹೋಗಬೇಕು. ಮೊದಲ ವಾರ ದಿನಾ, ಎರಡು ಮತ್ತು ಮೂರನೇ ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ಹದಿನೈದು ನಿಮಿಷ ಸಾಕು. ಹೊತ್ತು ಮಧ್ಯಾಹ್ನ ಮೂರೂವರೆ. ಬೆಳಿಗ್ಗೆ ಹೋದರೆ ಅವರು ಇನ್ನೂ ಎಲ್ಲೂ ಸಿಕ್ಕಿಕೊಂಡಿರುವುದಿಲ್ಲ. ಸಂಜೆ ಐದೂವರೆಗೆ ಹೋದರೆ ಬಸ್ಸು, ಕ್ಯಾಬಿನ ಯೋಚನೆ, ಸಿಕ್ಕಿದ್ದನ್ನು ಬಿಡಿಸಲು ಹೊತ್ತೂ ಇರುವುದಿಲ್ಲ. ಮೂರೂವರೆಗೆ ಹೋದರೆ ಅವತ್ತಿನ ಸಮಸ್ಯೆ ಅವತ್ತೇ ಮುಗಿಯುತ್ತದೆ.

ಕೂತ ಮೇಲೆ "ಡೌಟ್ ಇದೆಯಾ?" ಅಂತ ಕೇಳಬಾರದು ಅನ್ನುವುದೊಂದೇ ನಿಯಮ. "ಬೆಳಿಗ್ಗೆಯಿಂದ ಏನು ಮಾಡಿದಿರಿ, ಸ್ಕ್ರೀನ್ ತೋರಿಸಿ" ಅನ್ನಬೇಕು. ಸ್ಕ್ರೀನ್ ನೋಡಿದರೆ ಬೇರೇನೂ ಹೇಳಬೇಕಾಗುವುದಿಲ್ಲ. ಹತ್ತು ಟ್ಯಾಬ್ ತೆರೆದು ಒಂದೇ ಎರರ್ ಹುಡುಕುತ್ತಿದ್ದರೆ ಅಲ್ಲೇ ಕಾಣುತ್ತದೆ. ಹೊಸಬರಿಗೂ ಒಂದು ಮಾತು ಹೇಳಿಕೊಡುತ್ತೇವೆ. ಬರೀ 'ಹಾಯ್' ಕಳಿಸಿ ಕಾಯಬೇಡಿ, ಎರರ್ ಮತ್ತು ಅಷ್ಟರವರೆಗೆ ಮಾಡಿ ನೋಡಿದ್ದನ್ನು ಮೊದಲ ಮೆಸೇಜಿನಲ್ಲೇ ಹಾಕಿ. ಕನ್ನಡದಲ್ಲಿ ಬರೆಯಬಹುದು ಅಂತಲೂ ಹೇಳುತ್ತೇವೆ. ಸಣ್ಣ ಊರಿನಿಂದ ಬಂದವರು ಎಷ್ಟೋ ಸಲ ಪ್ರಶ್ನೆ ಗೊತ್ತಿದ್ದೂ ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಅಂತ ಹತ್ತು ನಿಮಿಷ ಟೈಪ್ ಮಾಡಿ ಅಳಿಸುತ್ತಾರೆ. ಹಾಗಂತ ಕನ್ನಡದ ಜೊತೆಗಾರನ ಹಿಂದೆಯೇ ಎಂಟು ವಾರ ಇದ್ದುಬಿಟ್ಟರೆ ಅದೂ ಒಳ್ಳೆಯದಲ್ಲ. ನಾಲ್ಕನೇ ವಾರದಿಂದ ಅವರ ಪ್ರಶ್ನೆಗಳು ನಿಧಾನವಾಗಿ ಟೀಮಿನ ಚಾನೆಲ್ಲಿಗೆ ಬರಬೇಕು. ಮೊದಲ ಒಂದೆರಡನ್ನು ಜೊತೆಗಾರ ಪಕ್ಕದಲ್ಲಿ ಕೂತು ಹಾಕಿಸುತ್ತಾನೆ.

ಎಷ್ಟು ಸಲ ಸಿಗುತ್ತಾರೆ ಅನ್ನುವುದು ಮುಖ್ಯ ಅಂತ ಮೈಕ್ರೋಸಾಫ್ಟ್ ಮಾಡಿದ ಒಂದು ಪ್ರಯೋಗವೂ ಹೇಳುತ್ತದೆ. ಅದರ ವಿವರ 2019ರಲ್ಲಿ ಪ್ರಕಟವಾಯಿತು. ಮೊದಲ 90 ದಿನದಲ್ಲಿ ಜೊತೆಗಾರನನ್ನು ಒಮ್ಮೆಯಾದರೂ ಕಂಡವರಲ್ಲಿ 56% ಜನ ತಾವು ಬೇಗ ಕೆಲಸಕ್ಕೆ ಹೊಂದಿಕೊಳ್ಳಲು ಅದರಿಂದ ಸಹಾಯವಾಯಿತು ಅಂದರು. ಎಂಟಕ್ಕಿಂತ ಜಾಸ್ತಿ ಸಲ ಕಂಡವರಲ್ಲಿ ಹಾಗೆ ಹೇಳಿದವರು 97%. ಇದು ಅವರೇ ಹೇಳಿಕೊಂಡದ್ದು ಅನ್ನುವುದು ನೆನಪಿರಲಿ. ಹೊಂದಾಣಿಕೆ ಚೆನ್ನಾಗಿದ್ದವರೇ ಜಾಸ್ತಿ ಸಲ ಸಿಕ್ಕಿರಲೂಬಹುದು. ಆದರೂ ನಮ್ಮಲ್ಲಿ ಕಂಡದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಮೊದಲ ದಿನದ ಒಂದು ಊಟದಿಂದ ಏನೂ ಆಗುವುದಿಲ್ಲ.

ಇನ್ನು ಯಾರನ್ನು ಜೊತೆಗಾರ ಮಾಡಬೇಕು ಅನ್ನುವುದು. ನಾವೀಗ ಸೇರಿ ಒಂದು ಅಥವಾ ಎರಡು ವರ್ಷ ಆದವರನ್ನು ಆರಿಸುತ್ತೇವೆ. ಎಲ್ಲಿ ಎಡವುತ್ತಾರೆ ಅಂತ ಅವರಿಗೆ ಇನ್ನೂ ನೆನಪಿರುತ್ತದೆ. ಹತ್ತು ವರ್ಷದವರಿಗೆ ಆ ಗುಂಡಿಗಳು ಕಾಣುವುದೇ ಇಲ್ಲ. ಅವರ ಲ್ಯಾಪ್‌ಟಾಪಿನಲ್ಲಿ ಎಲ್ಲ ಯಾವತ್ತೋ ಸರಿಯಾಗಿ ಕೂತಿದೆ. ಎರಡನೇ ಹೆಸರೂ ಮೊದಲ ದಿನವೇ ಹೇಳಿಬಿಡುತ್ತೇವೆ. ಜೊತೆಗಾರ ರಜೆ ಹಾಕಿದ ದಿನ ಮೂರೂವರೆಗೆ ಎರಡನೆಯವರು ಹೋಗುತ್ತಾರೆ.

ಒಂದು ವಿಷಯದಲ್ಲಿ ನಾನು ತುಂಬಾ ಗಟ್ಟಿ. ಹೊಸಬರು ಹೇಗಿದ್ದಾರೆ ಅಂತ ಮ್ಯಾನೇಜರ್ ಜೊತೆಗಾರನನ್ನು ಕೇಳಬಾರದು. ಅದೇ ಹಳೇ ಕಂಪನಿಯಲ್ಲಿ ಇನ್ನೊಬ್ಬ ಹುಡುಗನ ಪ್ರೊಬೇಷನ್ ರಿವ್ಯೂನಲ್ಲಿ "ನೀವು ಚಿಕ್ಕ ಚಿಕ್ಕದಕ್ಕೂ ಕೇಳ್ತೀರಂತೆ" ಅನ್ನುವ ಮಾತು ಬಂತು. ಜೊತೆಗಾರ ಮಾತಿನ ಮಧ್ಯೆ ಹೇಳಿದ್ದು ಅದು, ದೂರು ಅಂತ ಅಲ್ಲ. ಅವತ್ತಿನಿಂದ ಆ ಹುಡುಗ ಯಾರನ್ನೂ ಏನೂ ಕೇಳಲಿಲ್ಲ. ಅವನ ಬ್ಯಾಚಿನ ಉಳಿದ ಮೂವರೂ ಕೇಳುವುದನ್ನು ನಿಲ್ಲಿಸಿದರು. ಸುದ್ದಿ ಹರಡಲು ಒಂದು ಟೀ ಬ್ರೇಕ್ ಸಾಕು. ಕೆಲಸ ಹೇಗಿದೆ ಅಂತ ತಿಳಿಯಬೇಕಿದ್ದರೆ ಮ್ಯಾನೇಜರ್ ಕೆಲಸವನ್ನೇ ನೋಡಲಿ, ಹೊಸಬರ ಜೊತೆ ತಾವೇ ಕೂತು ಮಾತಾಡಲಿ.

ಈ ವ್ಯವಸ್ಥೆ ತಣ್ಣಗಾಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ನಾನು ನೋಡುವುದು ಎರಡೇ. ಮೂರೂವರೆಯ ಭೇಟಿ ಸಾಲಾಗಿ ಎರಡು ಸಲ ಮುಂದಕ್ಕೆ ಹೋದರೆ ಅವತ್ತೇ ಜೊತೆಗಾರನ ಹತ್ತಿರ ಹೋಗಿ ಅವನ ಕೆಲಸದಲ್ಲಿ ಇನ್ನೇನು ತೆಗೆಯಬೇಕು ಅಂತ ಕೇಳುತ್ತೇನೆ. ಯಾಕೆ ಹೋಗಲಿಲ್ಲ ಅಂತ ಕೇಳುವುದಿಲ್ಲ. ಎರಡನೆಯದು ಸೆಟಪ್ ಪುಟ. ಹೊಸಬರು ಮೊದಲ ವಾರದಲ್ಲಿ ಆ ಪುಟದಲ್ಲಿ ಒಂದನ್ನಾದರೂ ತಿದ್ದಬೇಕು ಅಂತ ನಮ್ಮಲ್ಲಿ ಇದೆ. ಅವರ ಕಣ್ಣಿಗೆ ಮಾತ್ರ ಅದರ ತಪ್ಪು ಕಾಣುತ್ತದೆ. ಹೊಸಬರು ಬಂದು ಹತ್ತು ದಿನವಾದರೂ ಪುಟದಲ್ಲಿ ಯಾವ ಬದಲಾವಣೆಯೂ ಇಲ್ಲ ಅಂದರೆ, ಪುಟ ಅಷ್ಟು ಸರಿಯಾಗಿದೆ ಅಂತ ನಾನು ನಂಬುವುದಿಲ್ಲ. ಅವರ ಪಕ್ಕ ಯಾರೂ ಕೂತಿಲ್ಲ ಅಂತಲೇ ಅರ್ಥ.

ಜೊತೆಗಾರನಿಂದ ಆಗದ್ದೂ ಇದೆ. ಲ್ಯಾಪ್‌ಟಾಪ್ ಬಂದಿಲ್ಲ, ವಿಪಿಎನ್ ಇಲ್ಲ, ರೆಪೊಗೆ ಆಕ್ಸೆಸ್ ಸಿಕ್ಕಿಲ್ಲ ಅಂದರೆ ಮೊದಲ ವಾರ ಪೂರ್ತಿ ಅವನು ಐಟಿ ಡೆಸ್ಕಿಗೆ ಅಲೆಯುತ್ತಾನೆ. ಅವನಿಗೆ ಕೊಟ್ಟ ಮೂರು ದಿನ ಅದಕ್ಕೇ ಹೋಗುತ್ತದೆ. ಅವೆಲ್ಲ ಹೊಸಬರು ಬರುವ ಮೊದಲೇ ಮ್ಯಾನೇಜರ್ ಮುಗಿಸಿರಬೇಕಾದ ಕೆಲಸ.

ಎಂಟನೇ ವಾರ ಕೊನೆಯ ಭೇಟಿ. ಅದು ಕ್ಯಾಲೆಂಡರಿನಲ್ಲಿ ಮೊದಲ ದಿನದಿಂದಲೇ ಇರುತ್ತದೆ. ಕೊನೆ ಯಾವಾಗ ಅಂತ ಗೊತ್ತಿದ್ದರೆ ಜೊತೆಗಾರನಾಗಲು ಜನ ಸುಲಭವಾಗಿ ಒಪ್ಪುತ್ತಾರೆ, ಮಧ್ಯದಲ್ಲಿ ಜಾರಿಕೊಳ್ಳುವುದೂ ಕಡಿಮೆ. ಅವತ್ತು ಇಬ್ಬರೂ ಸೇರಿ ಸೆಟಪ್ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದುತ್ತಾರೆ. ಬೋರ್ಡಿನಲ್ಲಿದ್ದ ಟಿಕೆಟ್ ಮುಚ್ಚುತ್ತಾರೆ. ಮುಂದಿನ ಸ್ಪ್ರಿಂಟಿನಿಂದ ಜೊತೆಗಾರ ಮತ್ತೆ 8 ದಿನದ ಕೆಲಸ ಹಿಡಿಯುತ್ತಾನೆ.