ತಪ್ಪಾದಾಗಲೆಲ್ಲ ತಿದ್ದಬೇಕಾ?

"ನನ್ನ ಸಹೋದ್ಯೋಗಿ ಕನ್ನಡ ಕಲೀತಿದ್ದಾರೆ. ನಮಸ್ಕಾರ, ಹೇಗಿದ್ದೀರಾ ಅನ್ನೋದ್ರಲ್ಲೇ ತಪ್ಪು ಮಾಡ್ತಾರೆ. ತಿದ್ದಿದ್ರೆ ಮುಖ ಸಪ್ಪಗಾಗುತ್ತೆ, ಬಿಟ್ರೆ ಕಲಿಯೋದಿಲ್ಲ. ಏನು ಮಾಡ್ಲಿ?"

ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ, ಉಳಿದದ್ದನ್ನು ಬಿಡಿ. ಆ ಒಂದನ್ನು ಹೇಗೆ ತಿದ್ದೋದು ಅನ್ನೋದರಲ್ಲಿ ನಾನೇ ಎಡವಿದ್ದೇನೆ.

ಒಬ್ಬರಿಗೆ ಕನ್ನಡ ಹೇಳಿಕೊಡುತ್ತಿದ್ದೆ. "ಹೇಗಿದ್ದೀರಾ?" ಅಂದೆ. "ನಾನು ಚೆನ್ನಾಗಿದೆ" ಅಂದರು. ಹೊಸದಾಗಿ ಕಲಿಯುವವರಲ್ಲಿ ಇದು ತೀರಾ ಸಾಮಾನ್ಯ. "ಚೆನ್ನಾಗಿದೆ" ಅನ್ನೋದು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ, ಅದನ್ನೇ ತಮಗೂ ಹಚ್ಚಿಕೊಳ್ಳುತ್ತಾರೆ. ತಪ್ಪು ಅಂತ ಮುಖಕ್ಕೆ ಹೇಳೋದು ಬೇಡ ಅಂದುಕೊಂಡು ನಾನು ಸರಿಯಾದ ಮಾತನ್ನು ಮೆಲ್ಲಗೆ ತೂರಿಸಿದೆ. "ಓ, ಚೆನ್ನಾಗಿದ್ದೀರಾ?" ಅವರು ಖುಷಿಯಾಗಿ, "ಹೌದು, ನಾನು ಚೆನ್ನಾಗಿದ್ದೀರಾ!" ಅಂದರು.

ತಪ್ಪು ಅವರದಲ್ಲ. ಕನ್ನಡದಲ್ಲಿ ಕೇಳುವಾಗ ಬಾಯಿಗೆ ಬರೋದು "ಇದ್ದೀರಾ", ಉತ್ತರಕ್ಕೆ ಬೇಕಾದದ್ದು "ಇದ್ದೀನಿ". ನಾನು ಕೊಟ್ಟ ಮಾತು ಅವರ ಬಾಯಿಗೆ ಹೊಂದುವಂಥದ್ದೇ ಅಲ್ಲ. ಈಗ ನಾನು ಹೀಗೆ ಮಾಡುತ್ತೇನೆ: "ಹೌದಾ? ನಾನೂ ಚೆನ್ನಾಗಿದ್ದೀನಿ." ಆ "ನಾನೂ" ಬಂದರೆ ಅವರು ಹಾಗೇ ಎತ್ತಿಕೊಳ್ಳಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಗಿದ್ದೀರಾ ಅಂತ ಕೇಳುತ್ತೇನೆ. "ಚೆನ್ನಾಗಿದ್ದೀನಿ" ಬಂದರೆ ಕಿವಿಗೆ ಬಿದ್ದಿದೆ ಅಂತ ಅರ್ಥ. ಮತ್ತೆ "ಚೆನ್ನಾಗಿದೆ" ಅಂದರೆ ಬಿದ್ದಿಲ್ಲ, ಆಗ "ನಾನು ಅಂದ್ರೆ ಇದ್ದೀನಿ" ಅಂತ ನೇರವಾಗಿ ಹೇಳಿಬಿಡೋದೇ ವಾಸಿ. ಸುಮ್ನೆ ಸುತ್ತಿ ಬಳಸಿದರೆ ಅವರಿಗೂ ಗೊಂದಲ.

ಮೊದಲೇ ನೇರವಾಗಿ ಹೇಳಬೇಕಾದ ಒಂದು ತಪ್ಪಿದೆ. ವಯಸ್ಸಾದವರಿಗೋ ಅಪರಿಚಿತರಿಗೋ "ನೀನು ಹೇಗಿದ್ದೀಯಾ" ಅನ್ನೋದು. "ಚೆನ್ನಾಗಿದೆ" ಅಂದರೆ ಎದುರಿನವರು ನಕ್ಕು ಸುಮ್ಮನಾಗುತ್ತಾರೆ. ಏಕವಚನದಲ್ಲಿ ಮಾತಾಡಿಸಿದರೆ ಕೆಲವರು ಮುಖ ಗಂಟು ಹಾಕಿಕೊಳ್ಳುತ್ತಾರೆ, ಕಲಿಯುವವರಿಗೆ ಯಾಕೆ ಅಂತಲೂ ತಿಳಿಯೋದಿಲ್ಲ. ಇದನ್ನು ಮುಚ್ಚಿಡೋದು ದಯೆಯಲ್ಲ. ಆದರೆ ಆ ಹಿರಿಯರ ಎದುರಿಗೇ ತಿದ್ದಬೇಡಿ, ಅವರು ಹೋದ ಮೇಲೆ ಹೇಳಿ. ಗೊತ್ತಾಗದಿದ್ದಾಗ ಎಲ್ಲರಿಗೂ "ನೀವು" ಅಂದರೆ ಸಾಕು ಅಂತ ಹೇಳಿಕೊಟ್ಟರೆ ಅರ್ಧ ಕಷ್ಟ ಕಳೆಯಿತು.

"ಳ" ಬದಲು "ಲ" ಬಂತು ಅಂತ ಮಾತು ತಡೆಯಬೇಡಿ, ನಾಲಿಗೆ ತಿರುಗೋಕೆ ತಿಂಗಳುಗಳೇ ಹಿಡಿಯುತ್ತವೆ. "ಹೇಗಿದ್ದೀರಿ" ಅಂದವರನ್ನು "ಹೇಗಿದ್ದೀರಾ" ಅಂತ ತಿದ್ದೋದಂತೂ ಬೇಡವೇ ಬೇಡ. ಎರಡೂ ಸರಿ, ಒಂದು ನಿಮ್ಮ ಬಾಯಿಗೆ ರೂಢಿ ಅಷ್ಟೇ, ಅಲ್ವಾ?

ತಿದ್ದಿದ್ದು ಜಾಸ್ತಿಯಾಯಿತಾ ಅಂತ ತಿಳಿಯೋಕೆ ಅವರ ವಾಕ್ಯ ನೋಡಿ. ಮೊದಲು ಮೂರು ಮಾತಾಡುತ್ತಿದ್ದವರು ಬರೀ "ನಮಸ್ಕಾರ" ಅಂದು ನಿಮ್ಮ ಮುಖ ನೋಡುತ್ತಾ ನಿಂತರೆ, ಆ ದಿನ ತಿದ್ದೋದನ್ನು ಬಿಟ್ಟು ಸುಮ್ನೆ ಹರಟೆ ಹೊಡೆಯಿರಿ.