ಮನಾಲಿ–ಲೇಹ್ ಹೊರಟಿದ್ದೀರಾ? ಮೊದಲು ಫೋನಿನ ಡೌನ್‌ಲೋಡ್ ಲೆಕ್ಕ ಹಾಕಿ

ಮನಾಲಿ ಮೇಲಿಂದ ರಸ್ತೆಯಲ್ಲಿ ಲೇಹ್‌ಗೆ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ವೆಟರ್, ಮಾತ್ರೆ, ಪರ್ಮಿಟ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಫೋನಿನ ಜಾಗದ ಬಗ್ಗೆ ಯಾರೂ ಸರಿಯಾಗಿ ಹೇಳಲ್ಲ. ಆದರೆ ನಮ್ಮ ಗಾಡಿಯಲ್ಲಿ ಆಕ್ಸಿಜನ್‌ಗಿಂತ ಜಾಸ್ತಿ ಚರ್ಚೆ ಆಗಿದ್ದು ಅದರ ಬಗ್ಗೆಯೇ.

ಮೊದಲು ನೆಟ್‌ವರ್ಕ್ ವಿಷಯ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಪೋಸ್ಟ್‌ಪೇಯ್ಡ್ ಇದ್ದರೂ ಜಿಸ್ಪಾ ದಾಟಿದ ಮೇಲೆ ಬಾರಾಲಾಚಾ ಲಾ, ಸರ್ಚು, ಗಾಟಾ ಲೂಪ್ಸ್, ಪಾಂಗ್, ಮೋರೆ ಬಯಲು, ತಾಂಗ್ಲಾಂಗ್ ಲಾ, ಹೀಗೆ ಉಪ್ಶಿ ತನಕ ಸಿಗ್ನಲ್ ನಂಬಿಕೊಂಡು ಕೂರಬೇಡಿ. ತಾಂಡಿಯ ಪೆಟ್ರೋಲ್ ಬಂಕಿನಲ್ಲಿ 'ಮುಂದಿನ ಬಂಕ್ 365 ಕಿ.ಮೀ.' ಅಂತ ಒಂದು ಹೆಸರುವಾಸಿ ಬೋರ್ಡ್ ಇದೆ. ಫೋನಿಗೂ ಅದೇ ಬೋರ್ಡ್ ಅನ್ವಯಿಸುತ್ತದೆ ಅಂದುಕೊಳ್ಳಿ. ಹಾಡು, ಸಿನಿಮಾ, ಮಕ್ಕಳ ಕಾರ್ಟೂನ್ ಎಲ್ಲವನ್ನೂ ಮನೆಯ ವೈಫೈನಲ್ಲೇ ತುಂಬಿಕೊಂಡು ಹೊರಡಬೇಕು.

ಹಾಗಂತ ಎಲ್ಲರೂ ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ.

ಸರ್ಚು ಹತ್ತಿರ ನಮ್ಮ ಭಾವ ವಿಡಿಯೋ ತೆಗೆಯಲು ಫೋನ್ ಎತ್ತಿದರು. ಕ್ಯಾಮೆರಾ ಆನ್ ಆಯಿತು, ರೆಕಾರ್ಡ್ ಆಗಲಿಲ್ಲ. "ಏನೋ ಸ್ಟೋರೇಜ್ ಫುಲ್ ಅಂತಿದೆ, ನೋಡಪ್ಪ" ಅಂದರು. ಅವರದು 128 ಜಿಬಿ ಫೋನು. ಮುಂದಿನ ಸೀಟಿನಲ್ಲಿ ಕೂತೇ ಐವತ್ತರವತ್ತು ಫೋಟೋ ಅಳಿಸಿದರು. ಒಂದು ಎಂಬಿ ಜಾಗವೂ ಬಿಡುಗಡೆ ಆಗಲಿಲ್ಲ. ಯಾಕೆ ಅಂದರೆ ಅಳಿಸಿದ ಫೋಟೋ ನೇರವಾಗಿ ಹೋಗಿಬಿಡುವುದಿಲ್ಲ, ಕಸದ ಬುಟ್ಟಿಯಲ್ಲಿ ಕೂತಿರುತ್ತದೆ. ಐಫೋನಿನ Recently Deleted ಫೋಲ್ಡರಿನಲ್ಲಿ 30 ದಿನ ಇರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ 60 ದಿನ, ಆಗದಿದ್ದರೆ 30 ದಿನ. ಆ ಬುಟ್ಟಿಯನ್ನೂ ಖಾಲಿ ಮಾಡಿದರೆ ಮಾತ್ರ ಜಾಗ ಸಿಗುತ್ತದೆ.

ಆದರೆ ಅಸಲಿಗೆ ಜಾಗ ತಿಂದಿದ್ದು ಫೋಟೋಗಳಲ್ಲ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆಗೆದು ಆಪ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ, ಒಂದು ಮ್ಯೂಸಿಕ್ ಆಪ್ ಮತ್ತು ಒಂದು ವಿಡಿಯೋ ಆಪ್ ಮೇಲ್ಗಡೆಯೇ ಕೂತಿದ್ದವು. ಈ ಡೌನ್‌ಲೋಡ್‌ಗಳು ಗ್ಯಾಲರಿಯಲ್ಲೂ ಕಾಣುವುದಿಲ್ಲ, ಫೈಲ್ ಮ್ಯಾನೇಜರ್‌ನ ಡೌನ್‌ಲೋಡ್ಸ್ ಫೋಲ್ಡರಿನಲ್ಲೂ ಸಿಗುವುದಿಲ್ಲ. ಆಪ್‌ನ ಹೊಟ್ಟೆಯೊಳಗೆ ಬೀಗ ಹಾಕಿದ ಹಾಗೆ ಇರುತ್ತವೆ. ಅದಕ್ಕೇ ಜನಕ್ಕೆ ಗೊತ್ತೇ ಆಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಆಂಡ್ರಾಯ್ಡ್‌ನಲ್ಲಿ ಆಪ್‌ನ ಸ್ಟೋರೇಜ್ ಪುಟದಲ್ಲಿ ಎರಡು ಬಟನ್ ಇರುತ್ತವೆ. Clear cache ಒತ್ತಿದರೆ ಸಾಮಾನ್ಯವಾಗಿ ಡೌನ್‌ಲೋಡ್‌ಗಳು ಹಾಗೇ ಉಳಿಯುತ್ತವೆ, ಅಂದರೆ ಜಾಗವೂ ಅಷ್ಟೇನೂ ಸಿಗುವುದಿಲ್ಲ. Clear storage ಒತ್ತಿದರೆ ಎಲ್ಲ ಹೋಗುತ್ತದೆ, ಜೊತೆಗೆ ನೀವು ಲಾಗೌಟ್ ಕೂಡ ಆಗುತ್ತೀರಿ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಮತ್ತೆ ಲಾಗಿನ್ ಆಗುವುದು ಹೇಗೆ ಹೇಳಿ? ಭಾವ ಅದನ್ನೇ ಒತ್ತಲು ಹೊರಟಿದ್ದರು, ಕೈ ಹಿಡಿದು ನಿಲ್ಲಿಸಿದೆವು. ಐಫೋನಿನಲ್ಲಿ Offload App ಅಂತ ಇದೆ. ಅದು ಆಪ್ ಅನ್ನು ಮಾತ್ರ ತೆಗೆದು ಅದರ ಡೇಟಾವನ್ನು ಉಳಿಸಿಕೊಳ್ಳುತ್ತದೆ, ಹಾಗಾಗಿ ನಮ್ಮ ಕೆಲಸಕ್ಕೆ ಬರಲ್ಲ. ಸರಿಯಾದ ದಾರಿ ಒಂದೇ: ಆಪ್ ಒಳಗೇ ಹೋಗಿ, ಅದರ ಡೌನ್‌ಲೋಡ್ಸ್ ಪುಟದಲ್ಲಿ ಬೇಡದ್ದನ್ನು ಒಂದೊಂದಾಗಿ ಅಳಿಸುವುದು. ಭಾವ ಹಾಗೇ ಎರಡು ಸಿನಿಮಾ ಅಳಿಸಿದ ತಕ್ಷಣ ಕ್ಯಾಮೆರಾ ನಡೆಯಿತು.

ಈಗ ಮನೆಯಲ್ಲೇ ಮಾಡಬೇಕಾದ ಲೆಕ್ಕ. ಇದನ್ನು ತಿರುಗಿಸಿ ಹಾಕಬೇಕು. ಮೊದಲು ಕ್ಯಾಮೆರಾಗೆ ಎಷ್ಟು ಬೇಕು ಅಂತ ನೋಡಿ, ಉಳಿದದ್ದು ಡೌನ್‌ಲೋಡ್‌ಗೆ.

ಫೋನಿನಲ್ಲಿ 24 ಜಿಬಿ ಖಾಲಿ ಇದೆ, ಎಂಟು ದಿನದ ಪ್ರವಾಸ ಅಂದುಕೊಳ್ಳಿ. ಐಫೋನಿನಲ್ಲಿ 1080p, 30 ಫ್ರೇಮ್‌ನ ವಿಡಿಯೋ ನಿಮಿಷಕ್ಕೆ ಸುಮಾರು 60 ಎಂಬಿ ತಿನ್ನುತ್ತದೆ. ದಿನಕ್ಕೆ ಹತ್ತು ನಿಮಿಷ ತೆಗೆದರೆ ಎಂಟು ದಿನಕ್ಕೆ ಐದು ಜಿಬಿ ಹತ್ತಿರ. ಅದೇ 4K, 60 ಫ್ರೇಮ್‌ನಲ್ಲಿ ಇಟ್ಟರೆ ನಿಮಿಷಕ್ಕೆ 400 ಎಂಬಿ, ಅಂದರೆ ಮೂವತ್ತು ಜಿಬಿ ದಾಟುತ್ತದೆ, ಲೆಕ್ಕವೇ ಮುಗಿಯಿತು. ಹಾಗಾಗಿ ವಿಡಿಯೋ 1080p ಅಂತ ಇಟ್ಟುಕೊಳ್ಳೋಣ. ಫೋಟೋ ದಿನಕ್ಕೆ ನೂರು, ಒಂದಕ್ಕೆ ಮೂರು ಎಂಬಿ ಅಂದರೆ ಎರಡೂವರೆ ಜಿಬಿ. ಫೋನ್ ತಡವರಿಸದೆ ಓಡಲು ಐದು ಜಿಬಿ ಖಾಲಿ ಬಿಡಿ. ಒಟ್ಟು ಹನ್ನೆರಡೂವರೆ ಆಯಿತು. ಉಳಿದದ್ದು ಹನ್ನೊಂದೂವರೆ. ಪಾಂಗಾಂಗ್ ನೋಡಿದ ದಿನ ಯಾರೂ ಹತ್ತು ನಿಮಿಷಕ್ಕೆ ನಿಲ್ಲಿಸುವುದಿಲ್ಲ, ಅದಕ್ಕೆ ಸ್ವಲ್ಪ ಜಾಗ ಹೆಚ್ಚಿಗೆ ಬಿಟ್ಟು ಡೌನ್‌ಲೋಡ್‌ಗೆ ಎಂಟು ಜಿಬಿ ಅಂತ ಗೆರೆ ಎಳೆಯಿರಿ. ನಿಮ್ಮ ಫೋನಿಗೆ ಅಂಕಿ ಬೇರೆ ಬರಬಹುದು, ಹಾಕುವ ವಿಧಾನ ಇದೇ.

ಆ ಎಂಟರಲ್ಲಿ ಹಾಡಿಗೆ ಎಷ್ಟು? ಹಾಡಿನ ಗಾತ್ರ ಗುಣಮಟ್ಟದ ಮೇಲೆ ನಿಂತಿದೆ. ಸ್ಪಾಟಿಫೈನಲ್ಲಿ Normal ಅಂದರೆ 96 ಕೆಬಿಪಿಎಸ್, High ಅಂದರೆ 160, Very high ಅಂದರೆ 320. ನಾಲ್ಕು ನಿಮಿಷದ ಹಾಡು 160ರಲ್ಲಿ ಹತ್ತಿರ ಹತ್ತಿರ ಐದು ಎಂಬಿ, 320ರಲ್ಲಿ ಅದರ ಎರಡರಷ್ಟು. ಮುನ್ನೂರು ಹಾಡು 160ರಲ್ಲಿ ಒಂದೂವರೆ ಜಿಬಿಯಲ್ಲಿ ಮುಗಿಯುತ್ತದೆ, ಅದೇ ಇಪ್ಪತ್ತು ಗಂಟೆಯ ಹಾಡು. ಧ್ವನಿಯಲ್ಲಿ ಏನನ್ನೂ ಕಳೆಯದೆ ಇಡುವ ಲಾಸ್‌ಲೆಸ್ ಗುಣಮಟ್ಟದ ಕಥೆಯೇ ಬೇರೆ. ಆಪಲ್ ಕೊಡುವ ಅಂದಾಜಿನ ಪ್ರಕಾರ 10 ಜಿಬಿಯಲ್ಲಿ ಮಾಮೂಲಿ ಗುಣಮಟ್ಟದ ಹಾಡು 3000 ಹಿಡಿದರೆ, ಲಾಸ್‌ಲೆಸ್ 1000, ಹೈ-ರೆಸ್ ಲಾಸ್‌ಲೆಸ್ ಬರೀ 200. ಮನಾಲಿಯ ಟ್ಯಾಕ್ಸಿಯ ಬ್ಲೂಟೂತ್ ಸ್ಪೀಕರಿನಲ್ಲಿ, ಗುಂಡಿ ಬಿದ್ದ ರಸ್ತೆಯಲ್ಲಿ, ಕಿಟಕಿ ಅರ್ಧ ಇಳಿಸಿಕೊಂಡು ಕೇಳುವ ಹಾಡಿಗೆ ಲಾಸ್‌ಲೆಸ್ ಯಾಕೆ ಬೇಕು ಅಂತ ನನಗಂತೂ ಅರ್ಥವಾಗಿಲ್ಲ. ಇನ್ನೊಂದು ವಿಷಯ, ಡ್ರೈವರ್ ಹತ್ತಿರ ತನ್ನದೇ ಪೆನ್‌ಡ್ರೈವ್ ಇರುತ್ತದೆ, ಅರ್ಧ ದಾರಿ ಅದೇ ಓಡುತ್ತದೆ.

ಗಮನಿಸಿ, ಕೇಳುವ ಗುಣಮಟ್ಟ ಬೇರೆ, ಡೌನ್‌ಲೋಡ್ ಗುಣಮಟ್ಟ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಇರುತ್ತದೆ. ವೈಫೈಗೆ, ಮೊಬೈಲ್ ಡೇಟಾಗೆ ಕಮ್ಮಿ ಇಟ್ಟು ಡೌನ್‌ಲೋಡ್ ಸಾಲನ್ನು ಮರೆತವರೇ ಜಾಸ್ತಿ. ಮೊದಲು ಅದನ್ನು ಸರಿಮಾಡಿ, ಆಮೇಲೆ ಇಳಿಸಿ. ಆಗಲೇ ಇಳಿದ ವಿಡಿಯೋಗಳು ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಚಿಕ್ಕದಾಗುವುದಿಲ್ಲ, ಅಳಿಸಿ ಮತ್ತೆ ಇಳಿಸಬೇಕು.

ವಿಡಿಯೋಗೆ ಉಳಿದದ್ದು ಆರೂವರೆ ಜಿಬಿ. ಇಲ್ಲಿ ಆಪ್‌ನಿಂದ ಆಪ್‌ಗೆ, ಸಿನಿಮಾದಿಂದ ಸಿನಿಮಾಗೆ ಗಾತ್ರ ಬದಲಾಗುತ್ತದೆ. ಹಾಗಾಗಿ ಒಂದು ಎಪಿಸೋಡನ್ನು ಸ್ಟ್ಯಾಂಡರ್ಡ್‌ನಲ್ಲಿ ಇಳಿಸಿ, ಡೌನ್‌ಲೋಡ್ಸ್ ಪುಟದಲ್ಲಿ ಅದರ ಪಕ್ಕ ಎಷ್ಟು ಎಂಬಿ ಅಂತ ತೋರಿಸುತ್ತದೆ ನೋಡಿ, ಅದರಿಂದ ಗುಣಿಸಿ. ಗಂಟೆಗೆ ಅರ್ಧ ಜಿಬಿ ಅಂತ ಹಿಡಿದರೂ ಹದಿಮೂರು ಗಂಟೆ ಆಯಿತು. ಅಷ್ಟು ನೀವು ನೋಡುವುದಿಲ್ಲ. ಗಾಟಾ ಲೂಪ್ಸ್‌ನ 21 ತಿರುವುಗಳಲ್ಲಿ ತಲೆ ಬಗ್ಗಿಸಿ ಸ್ಕ್ರೀನ್ ನೋಡಿದರೆ ವಾಂತಿ ಗ್ಯಾರಂಟಿ. ವಿಡಿಯೋ ಬೇಕಾಗುವುದು ವಿಮಾನದಲ್ಲಿ, ಜಿಸ್ಪಾದ ಸಂಜೆ, ಮತ್ತು ಲೇಹ್ ತಲುಪಿ ಸುಮ್ನೆ ಮಲಗಬೇಕಾದ ಮೊದಲ ದಿನ. ನಾಲ್ಕು ಜಿಬಿ ಧಾರಾಳ. ಉಳಿದ ಜಾಗದಲ್ಲಿ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ಹಾಕಿಕೊಳ್ಳಿ, ಅದು ಸಿನಿಮಾಗಿಂತ ಕೆಲಸಕ್ಕೆ ಬರುತ್ತದೆ.

ಇನ್ನು ನೀವು ಕೇಳದೆಯೇ ಇಳಿಯುವ ಡೌನ್‌ಲೋಡ್‌ಗಳು. ಭಾವನ ಫೋನಿನಲ್ಲಿ ಅರ್ಧ ತುಂಬಿದ್ದು ಇವೇ. ಯೂಟ್ಯೂಬ್, ಯೂಟ್ಯೂಬ್ ಮ್ಯೂಸಿಕ್, ನೆಟ್‌ಫ್ಲಿಕ್ಸ್ ಮೂರರಲ್ಲೂ ಸ್ಮಾರ್ಟ್ ಡೌನ್‌ಲೋಡ್ ಅನ್ನುವ ಸೌಲಭ್ಯ ಇದೆ, ವೈಫೈ ಸಿಕ್ಕಾಗ ನಿಮಗೆ ಇಷ್ಟವಾಗಬಹುದು ಅಂತ ತಾವೇ ಇಳಿಸುತ್ತವೆ. ನೆಟ್‌ಫ್ಲಿಕ್ಸ್‌ನ Downloads for You ನಲ್ಲಿ 1, 3 ಅಥವಾ 5 ಜಿಬಿ ಅಂತ ಮಿತಿ ಆರಿಸಬಹುದು. ಊರಲ್ಲಿದ್ದಾಗ 1 ಜಿಬಿ ಇಟ್ಟುಕೊಂಡರೆ ತಪ್ಪಿಲ್ಲ. ಪ್ರವಾಸಕ್ಕೆ ಹೊರಡುವ ವಾರ ಪೂರ್ತಿ ಆಫ್ ಮಾಡಿ, ಯಾಕೆಂದರೆ ಆಗ ನಿಮ್ಮ ಆಯ್ಕೆಗೇ ಜಾಗ ಬೇಕು. ಮುಂದಿನ ಎಪಿಸೋಡನ್ನು ತಾನೇ ಇಳಿಸುವ ಸೆಟ್ಟಿಂಗ್‌ನದ್ದು ಇನ್ನೊಂದು ಗುಣ: ನೋಡಿ ಮುಗಿಸಿದ್ದನ್ನು ಅದು ಅಳಿಸಿಹಾಕುತ್ತದೆ. ಮಗು ಒಂದೇ ಕಾರ್ಟೂನನ್ನು ಮತ್ತೆ ಮತ್ತೆ ಕೇಳುತ್ತದೆ ಅಲ್ವಾ, ಅಂಥವರು ಇದನ್ನು ಆಫ್ ಮಾಡಲೇಬೇಕು.

ಮನೆಯವರೆಲ್ಲ ಒಂದೇ ಸಿನಿಮಾವನ್ನು ಒಂದೊಂದು ಫೋನಿನಲ್ಲೂ ಇಳಿಸುವ ಬದಲು ಹಂಚಿಕೊಳ್ಳಿ. ನನ್ನ ಫೋನಿನಲ್ಲಿ ಹಾಡು, ಹೆಂಡತಿಯ ಫೋನಿನಲ್ಲಿ ಮಗಳ ಕಾರ್ಟೂನ್, ಅಂತ ನಾವು ಮಾಡಿದ್ದು ಚೆನ್ನಾಗಿ ನಡೆಯಿತು. ಆದರೆ ಪ್ಲಾನ್ ನೋಡಿಕೊಳ್ಳಿ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್‌ನಲ್ಲಿ ಒಂದು ಸಾಧನಕ್ಕೆ ಮಾತ್ರ ಡೌನ್‌ಲೋಡ್ ಸಿಗುತ್ತದೆ.

ಅವಧಿ ಇನ್ನೊಂದು ತಲೆನೋವು. ಸ್ಪಾಟಿಫೈ 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಬರಬೇಕು ಅನ್ನುತ್ತದೆ, ಎಂಟು ದಿನಕ್ಕೆ ಚಿಂತೆಯಿಲ್ಲ. ವಿಡಿಯೋಗಳಲ್ಲಿ ಕೆಲವು, ಒಮ್ಮೆ ಪ್ಲೇ ಒತ್ತಿದ ಮೇಲೆ 48 ಗಂಟೆಯಲ್ಲಿ ಮುಗಿದುಹೋಗುತ್ತವೆ. ಚೆಕ್ ಮಾಡೋಣ ಅಂತ ಮನೆಯಲ್ಲೇ ಶುರು ಮಾಡಿದರೆ ಗಡಿಯಾರ ಅಲ್ಲೇ ಓಡಲು ಶುರುವಾಗುತ್ತದೆ. ಡೌನ್‌ಲೋಡ್ಸ್ ಪುಟದಲ್ಲಿ ಆಯಾ ಶೀರ್ಷಿಕೆಯ ಕೆಳಗೆ ಅವಧಿ ಬರೆದಿದ್ದರೆ ಓದಿ. ಅಂಥದ್ದನ್ನು ಬಿಟ್ಟು ಉಳಿದವನ್ನೆಲ್ಲ ಹೊರಡುವ ಹಿಂದಿನ ರಾತ್ರಿ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಹತ್ತು ಸೆಕೆಂಡ್ ಓಡಿಸಿ ನೋಡಿ. ಲೈಬ್ರರಿಗೆ ಸೇರಿಸಿದ್ದು ಬೇರೆ, ನಿಜವಾಗಿ ಇಳಿದದ್ದು ಬೇರೆ ಅನ್ನುವುದು ಆಗ ಗೊತ್ತಾಗುತ್ತದೆ.

ದಾರಿಯಲ್ಲೂ ಏರೋಪ್ಲೇನ್ ಮೋಡ್‌ನಲ್ಲೇ ಇಡಿ. ಸಿಗ್ನಲ್ ಹುಡುಕುತ್ತಾ ಬ್ಯಾಟರಿ ಬೇಗ ಇಳಿಯುತ್ತದೆ, ಚಳಿಗೆ ಇನ್ನೂ ಬೇಗ. ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿಕೊಳ್ಳಿ.

ಲೇಹ್‌ನ ಹೋಟೆಲ್ ವೈಫೈನಲ್ಲಿ ಹೊಸದಾಗಿ ಇಳಿಸಿಕೊಳ್ಳುತ್ತೇನೆ ಅಂತ ಯೋಜನೆ ಹಾಕಬೇಡಿ. ನಮ್ಮ ಹೋಟೆಲಿನಲ್ಲಿ ಸಂಜೆ ಎಲ್ಲರೂ ಬಂದು ಕೂತಾಗ ವಾಟ್ಸಾಪ್ ಫೋಟೋ ಹೋಗುವುದೇ ಕಷ್ಟವಾಗಿತ್ತು. ಜಾಗ ಬೇಕೇ ಬೇಕು ಅಂದರೆ ನಿಮ್ಮ ಫೋನಿಗೆ ಹೊಂದುವ ಟೈಪ್-ಸಿ ಪೆನ್‌ಡ್ರೈವ್ ಒಂದು ತನ್ನಿ. ನುಬ್ರಾಗೆ ಹೊರಡುವ ಹಿಂದಿನ ರಾತ್ರಿ ತೆಗೆದ ವಿಡಿಯೋಗಳನ್ನು ಅದಕ್ಕೆ ಸಾಗಿಸಿ, ಫೋನಿನಿಂದ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಸ್ಟ್ರೀಮಿಂಗ್ ಆಪ್‌ನ ಡೌನ್‌ಲೋಡ್‌ಗಳನ್ನು ಮಾತ್ರ ಹೀಗೆ ಪೆನ್‌ಡ್ರೈವ್‌ಗೆ ಹಾಕಿ ಓಡಿಸಲು ಬರುವುದಿಲ್ಲ, ನೋಡಿ ಮುಗಿಸಿದ್ದನ್ನು ಅಲ್ಲೇ ಅಳಿಸಬೇಕು ಅಷ್ಟೇ.