ಬಸ್ಸು ಹೋಗಲಿ, ಆಮೇಲೆ ದಾಟು

ನಮ್ಮ ಶಾಲೆಗೆ ಭಾಷಣ ಮಾಡಲು ಬಂದವರು ಬಹಳ ಜನ. ಹೆಚ್ಚಿನವರು ಏನು ಹೇಳಿದರು ಅಂತ ಈಗ ನೆನಪಿಲ್ಲ. ಆದರೆ ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಿವಮೊಗ್ಗದಿಂದ ಬಂದಿದ್ದ ಟ್ರಾಫಿಕ್ ಎಸ್‌ಐ ಹೇಳಿದ್ದು ಇವತ್ತಿಗೂ ತಲೆಯಲ್ಲಿದೆ. ಅವರು ಹೇಳಿದ್ದು ಒಂದು ಕಥೆ, ಎರಡು ನಿಯಮ, ಅಷ್ಟೇ. ಸಿಗ್ನಲ್ ದೀಪದ ಬಣ್ಣದ ವಿಷಯ ಎತ್ತಲೇ ಇಲ್ಲ. ನಮ್ಮ ಕಡೆ ಸಿಗ್ನಲ್ ಎಲ್ಲಿತ್ತು? ತೀರ್ಥಹಳ್ಳಿ ರಸ್ತೆಯಲ್ಲಿ ಬಸ್ಸಿಳಿದು, ತೋಟದ ದಾರಿ ಹಿಡಿದು ಮನೆ ಸೇರುವ ಮಕ್ಕಳು ನಾವು. ಅದನ್ನು ತಿಳಿದುಕೊಂಡೇ ಬಂದಿದ್ದರು.

ಕಥೆ ಅವರೇ ಮಹಜರು ಮಾಡಿದ ಒಂದು ಅಪಘಾತದ್ದು. ಆಷಾಢದ ಮಳೆ, ಸಂಜೆ ಹೊತ್ತು. ಒಬ್ಬ ಹುಡುಗ ಬಸ್ಸಿಳಿದ. ಮನೆ ರಸ್ತೆಯ ಆಚೆ. ಡ್ರೈವರ್ ದಿನಾ ನೋಡುವ ಪರಿಚಯದವರು, ಮಗು ನೆನೆಯೋದು ಬೇಡ ಅಂತ ಬಸ್ಸನ್ನು ಹಾಗೇ ನಿಲ್ಲಿಸಿಕೊಂಡು "ದಾಟು ಮರಿ" ಅಂತ ಕೈ ಬೀಸಿದರು. ಹುಡುಗ ಗಾಳಿಗೆ ಎದುರಾಗಿ ಛತ್ರಿ ಓರೆ ಹಿಡಿದು ಬಸ್ಸಿನ ಮುಂದೆ ಓಡಿದ. ಅಷ್ಟರಲ್ಲಿ ಹಿಂದಿದ್ದ ಜೀಪು, ಬಸ್ಸು ನಿಂತಿದೆಯಲ್ಲ ಅಂತ ಬಲಗಡೆಯಿಂದ ಮುಂದೆ ಬಂತು. ಹುಡುಗ ಬದುಕಿದ. ಆದರೆ ತೊಡೆಯ ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದ.

"ಯಾರದ್ದು ತಪ್ಪು?" ಅಂತ ಕೇಳಿದರು. ನಾವೆಲ್ಲ "ಜೀಪಿನವನದ್ದು ಸಾರ್" ಅಂತ ಕೂಗಿದೆವು. "ಹೌದು, ನಿಂತ ಬಸ್ಸು ಕಂಡಾಗ ಅವನು ನಿಧಾನ ಮಾಡಬೇಕಿತ್ತು. ಕೇಸೂ ಹಾಕಿದೆವು. ಆದರೆ ಕೇಸು ಹಾಕಿದರೆ ಕಾಲು ಸರಿಹೋಗುತ್ತಾ?" ಅಂದವರು ನಮ್ಮನ್ನೆಲ್ಲ ಮೈದಾನಕ್ಕೆ ಕರೆದುಕೊಂಡು ಹೋದರು.

ಅಲ್ಲಿ ಸುಣ್ಣದ ಪುಡಿಯಲ್ಲಿ ಒಂದು ಬಸ್ಸಿನಷ್ಟು ಉದ್ದಕ್ಕೆ, ಅಂದರೆ ಸುಮಾರು 11 ಮೀಟರ್, ಗೆರೆ ಎಳೆಸಿದರು. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಇಷ್ಟು ದೂರ ಹೋಗುತ್ತೆ ಅಂತ ತೋರಿಸಿದರು. ನನ್ನ ಗೆಳೆಯನೊಬ್ಬನನ್ನು ಬಸ್ಸಿನ ಮೂತಿಯ ಜಾಗದಲ್ಲಿ ನಿಲ್ಲಿಸಿ, ಸೀಟಿ ಊದಿದ ಕೂಡಲೇ ಬಲಕ್ಕೆ ಹೆಜ್ಜೆ ಹಾಕು ಅಂದರು. ಅವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಸೆಕೆಂಡು ಮುಗಿದೇ ಹೋಯಿತು. ಜೀಪಿನವನಿಗೆ ಹುಡುಗ ಕಾಣುವುದೇ ಬಸ್ಸಿನ ಮೂತಿ ದಾಟಿದ ಮೇಲೆ. ಕಂಡು, ಕಾಲು ಬ್ರೇಕಿಗೆ ಹೋಗುವುದಕ್ಕೇ ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಅಂದರೆ ಬ್ರೇಕ್ ಹಿಡಿಯುವ ಮೊದಲೇ ಒಂದು ಬಸ್ಸಿನುದ್ದ ಮುಗಿದಿರುತ್ತೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೂ ಗಾಡಿ ಜಾರಿಕೊಂಡು ಮುಂದೆ ಹೋಗುತ್ತೆ. ಇತ್ತ ಹುಡುಗನಿಗೂ ಛತ್ರಿ ಅಡ್ಡ, ಏನೂ ಕಂಡಿಲ್ಲ.

ಮೊದಲನೇ ನಿಯಮ ಇಲ್ಲಿಂದ ಬಂತು: ಬಸ್ಸು ಹೊರಟು ಹೋಗುವವರೆಗೆ ದಾಟಬೇಡ. ಮುಂದಿನಿಂದಲೂ ಬೇಡ, ಹಿಂದಿನಿಂದಲೂ ಬೇಡ. ಹಿಂದಿನಿಂದ ದಾಟಿದರೆ ಎದುರಿಂದ ಬರುವ ಗಾಡಿ ಬಸ್ಸಿನ ಮರೆಯಲ್ಲಿರುತ್ತೆ. ಬಸ್ಸು ಹೋದ ಮೇಲೆ ಛತ್ರಿ ಎತ್ತಿ ಹಿಡಿದು ಎರಡೂ ಕಡೆ ರಸ್ತೆ ನೋಡಿ ದಾಟು. ಡ್ರೈವರ್ ಕೈ ಬೀಸಿದರೂ ನಿಲ್ಲು ಅಂತ ಒತ್ತಿ ಹೇಳಿದರು. ಅವರು ತಮ್ಮ ಬಸ್ಸು ನಿಂತಿದೆ ಅಂತ ಹೇಳಬಲ್ಲರು, ಹಿಂದಿನ ಗಾಡಿ ನಿಲ್ಲುತ್ತೆ ಅಂತ ಹೇಗೆ ಹೇಳ್ತಾರೆ? ನನಗೆ ಈ ಮಾತು ತುಂಬಾ ತಟ್ಟಿತು. ದೊಡ್ಡವರು ಪ್ರೀತಿಯಿಂದ ದಾಟು ಅಂದಾಗ ಸುಮ್ನೆ ನಿಲ್ಲೋದು ಮಕ್ಕಳಿಗೆ ಕಷ್ಟ ಅಲ್ವಾ? ಅದಕ್ಕೇ ಅವರು ನಮ್ಮಿಂದ "ನೀವು ಹೋಗಿ ಅಣ್ಣ, ನಾನು ಆಮೇಲೆ ದಾಟ್ತೀನಿ" ಅಂತ ಒಟ್ಟಿಗೆ ಹೇಳಿಸಿದರು.

ಎರಡನೇ ನಿಯಮ ನಮಗೆ ತಲೆಕೆಳಗಾಗಿ ಕಂಡಿತು. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಗಡೆ ನಡೆಯಬೇಕು. ಎಡಗಡೆ ನಡೆದರೆ ಗಾಡಿ ಬೆನ್ನ ಹಿಂದಿನಿಂದ ಬರುತ್ತೆ, ಮಳೆಯ ಸದ್ದಿನಲ್ಲಿ ಕೇಳಿಸೋದೂ ಇಲ್ಲ. ಬಲಗಡೆ ನಡೆದರೆ ಹತ್ತಿರದ ಗಾಡಿ ಕಣ್ಣೆದುರಿಗೇ ಬರುತ್ತೆ, ಬೇಕಾದರೆ ಚರಂಡಿ ಆಚೆಗೆ ಹಾರಬಹುದು.

ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು, "ಸಾರ್, ನಮ್ಮನೆ ದಾರೀಲಿ ಬಲಕ್ಕೆ ತಿರುವು ಇದೆ, ಅಲ್ಲಿ ಧರೆ ರಸ್ತೆಗೇ ಅಂಟಿಕೊಂಡಿದೆ. ಏನ್ ಮಾಡೋದು?" ಅವರು ಖುಷಿಯಾಗಿಬಿಟ್ಟರು. ಅಂಥ ಕಡೆ ಧರೆ ಮರೆಯಾಗಿ ಎದುರಿನವರಿಗೆ ನೀನು ಕಾಣಲ್ಲ, ಹಾರೋಕೂ ಜಾಗ ಇಲ್ಲ. ಹಾಗಾಗಿ ತಿರುವಿಗೆ ಸಾಕಷ್ಟು ಮೊದಲೇ, ನೇರ ರಸ್ತೆ ಕಾಣುವ ಜಾಗದಲ್ಲಿ ಎಡಗಡೆಗೆ ದಾಟಿಕೋ, ತಿರುವು ಮುಗಿದ ಮೇಲೆ ಮತ್ತೆ ಬಲಕ್ಕೆ ಬಾ ಅಂದರು. ನಮ್ಮ ಘಟ್ಟದ ರಸ್ತೆಗಳಿಗೆ ಇದಕ್ಕಿಂತ ಉಪಯೋಗದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಈಗ ಅದೇ ರಸ್ತೆಯಲ್ಲಿ ಆಗುಂಬೆ ಕಡೆ ಹೋಗುವ ಕಾರುಗಳು ಜಾಸ್ತಿ. ಶಾಲೆಯ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ: ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಮೈದಾನದಲ್ಲಿ ಆ 11 ಮೀಟರ್ ಗೆರೆ ಇನ್ನೊಮ್ಮೆ ಎಳೆಸಿ. ಸುಣ್ಣದ ಪುಡಿ, ಸೀಟಿ ಎರಡೂ ಪಿ.ಟಿ. ಮೇಷ್ಟ್ರ ಹತ್ತಿರ ಇದ್ದೇ ಇರುತ್ತೆ.